ಆಫರ್ ಆರ್ಡರ್‌ಗಳಲ್ಲಿ ಕಮಿಷನ್ ಜಾಸ್ತಿ ಹಿಡಿದಿರುವ ಬಗ್ಗೆ ದೂರು

ಗೆ,
ರೆಸ್ಟೋರೆಂಟ್ ಪಾರ್ಟ್ನರ್ ಪೇಮೆಂಟ್ ವಿಭಾಗದವರಿಗೆ

ವಿಷಯ: ಗ್ರಾಹಕರು ಕೊಡದೇ ಇರುವ ದುಡ್ಡಿನ ಮೇಲೂ ಕಮಿಷನ್ ಕಡಿತ, 9 ವಾರಗಳ ಬಾಕಿ 6,932.74 ರೂ.

ನಮಸ್ಕಾರ.

ಬೆಂಗಳೂರಿನ ಹನುಮಂತನಗರದಲ್ಲಿ ನಾನು ಒಂದು ಸಣ್ಣ ಕ್ಲೌಡ್ ಕಿಚನ್ ನಡೆಸುತ್ತಿದ್ದೇನೆ. ಕೂತು ತಿನ್ನುವ ಜಾಗ ಇಲ್ಲ, ಎರಡು ಒಲೆ, ಇಬ್ಬರು ಹುಡುಗರು. ವಾರಕ್ಕೆ ಸುಮಾರು 140 ಆರ್ಡರ್, ಎಲ್ಲವೂ ನಿಮ್ಮ ಆ್ಯಪ್‌ನಿಂದಲೇ. ಇದೇ ವಿಷಯಕ್ಕೆ ಮೂರು ಸಲ ಟಿಕೆಟ್ ಹಾಕಿದೆ. ಮೂರನ್ನೂ ನಿಮ್ಮವರು ‘ಪರಿಹರಿಸಲಾಗಿದೆ’ ಅಂತ ಮುಚ್ಚಿದರು. ಏನು ಪರಿಹಾರ ಆಯ್ತು ಅಂತ ಮಾತ್ರ ಯಾರೂ ಹೇಳಲಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಒಪ್ಪಂದದಲ್ಲಿ ಇರುವುದು ಇಷ್ಟು: ಪೇಮೆಂಟ್ ಚಾರ್ಜ್ ಸೇರಿ ಶೇ. 24 ಕಮಿಷನ್. ಅದನ್ನು ಲೆಕ್ಕ ಹಾಕಬೇಕಾದ್ದು ಊಟದ ಬೆಲೆ ಮತ್ತು ಪ್ಯಾಕಿಂಗ್ ಚಾರ್ಜ್ ಕೂಡಿಸಿ, ಅದರಲ್ಲಿ ನಾವು ಕೊಟ್ಟ ಡಿಸ್ಕೌಂಟ್ ಕಳೆದ ಮೇಲೆ ಉಳಿಯುವ ಮೊತ್ತದ ಮೇಲೆ. ನೀವು ಕಮಿಷನ್ ಹಿಡಿಯುತ್ತಿರುವುದು ಡಿಸ್ಕೌಂಟ್ ಕಳೆಯುವ ಮುಂಚಿನ ಮೊತ್ತದ ಮೇಲೆ.

ಒಂದು ಆರ್ಡರ್ ಬಿಡಿಸಿ ತೋರಿಸುತ್ತೇನೆ. ನಮ್ಮಲ್ಲಿ ಜಾಸ್ತಿ ಹೋಗುವುದು ಬಿಸಿಬೇಳೆಬಾತ್ ಕಾಂಬೊ. ಬಾತ್, ಖಾರಾಬೂಂದಿ, ರಾಯಿತ, ಒಂದು ಬಾದುಷಾ. ಮೆನು ಬೆಲೆ 200 ರೂ., ಪ್ಯಾಕಿಂಗ್ 10 ರೂ., ಒಟ್ಟು 210. ನಿಮ್ಮ ಮ್ಯಾನೇಜರ್ ಹೇಳಿದ ಹಾಗೆ 199ಕ್ಕಿಂತ ಮೇಲಿನ ಆರ್ಡರ್‌ಗೆ 40 ರೂ. ಆಫರ್ ಇಟ್ಟಿದ್ದೇವೆ. ಆ 40 ಪೂರ್ತಿ ನಮ್ಮ ಜೇಬಿನದು. ಹಾಗಾಗಿ ಊಟದ ಲೆಕ್ಕದಲ್ಲಿ ಗ್ರಾಹಕರು ಕೊಡುವುದು 170 ರೂ. ಅದರ ಮೇಲಿನ ಶೇ. 5 ಜಿಎಸ್‌ಟಿಯನ್ನು 2022ರ ಜನವರಿಯಿಂದ ನೀವೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುತ್ತೀರಿ. ಅದಕ್ಕೂ ಡೆಲಿವರಿ ಚಾರ್ಜಿಗೂ ನಮಗೂ ಸಂಬಂಧವಿಲ್ಲ, ಬಿಡಿ.

ಒಪ್ಪಂದದ ಪ್ರಕಾರ 170ಕ್ಕೆ ಶೇ. 24 ಅಂದರೆ 40.80. ಅದಕ್ಕೆ ಶೇ. 18 ಜಿಎಸ್‌ಟಿ 7.34. ಒಟ್ಟು 48.14 ರೂ. ನೀವು ಹಿಡಿದಿರುವುದು 210ಕ್ಕೆ ಶೇ. 24, ಅಂದರೆ 50.40. ಜಿಎಸ್‌ಟಿ 9.07. ಒಟ್ಟು 59.47 ರೂ. ವ್ಯತ್ಯಾಸ 11.33 ರೂ. ನಾವು ಬಿಟ್ಟುಕೊಟ್ಟ 40 ರೂಪಾಯಿಗೂ ನಿಮಗೆ ಕಮಿಷನ್ ಕೊಟ್ಟ ಹಾಗಾಯ್ತು, ಅಲ್ವಾ?

‘ಹನ್ನೊಂದು ರೂಪಾಯಿ ತಾನೇ’ ಅಂದರು ನಿಮ್ಮ ಮ್ಯಾನೇಜರ್ ಫೋನಿನಲ್ಲಿ. ಅದು ಎಲ್ಲಿಂದ ಹೋಗುತ್ತದೆ ಅಂತ ನೋಡಿ. 170ರಲ್ಲಿ 59.47 ಹೋಗಿ 110.53 ಉಳಿಯಿತು. ಜಾಹೀರಾತಿಗೆ ಅಂತ ವಾರಕ್ಕೆ 2,100 ರೂ. ಹಿಡಿಯುತ್ತೀರಿ, 140 ಆರ್ಡರ್‌ಗೆ ಹಂಚಿದರೆ ತಲಾ 15. ಈಗ 95.53. ಅಕ್ಕಿ, ಬೇಳೆ, ತುಪ್ಪ, ತರಕಾರಿ, ಎಣ್ಣೆ ಎಲ್ಲ ಸೇರಿ ಒಂದು ಕಾಂಬೊಗೆ ಸಾಮಾನು 62 ರೂ. ಗ್ಯಾಸ್ 6. ಮುಚ್ಚಳದ ಡಬ್ಬಿ, ರಾಯಿತದ ಸಣ್ಣ ಕಪ್ಪು, ಚಮಚ, ಕವರ್ ಸೇರಿ ಪ್ಯಾಕಿಂಗ್ 14. ನಾವು ಪಡೆಯುವುದು 10, ಖರ್ಚು 14, ಅದು ನಮ್ಮ ತಪ್ಪೇ ಅನ್ನಿ. ಒಟ್ಟು 82 ಕಳೆದರೆ ಕೈಯಲ್ಲಿ ಉಳಿಯುವುದು 13.53 ರೂ. ಬಾಡಿಗೆ, ಕರೆಂಟು, ಹುಡುಗರ ಸಂಬಳ ಎಲ್ಲ ಇದರಲ್ಲೇ ಆಗಬೇಕು. ನೀವು ಸರಿಯಾಗಿ ಹಿಡಿದಿದ್ದರೆ 24.86 ಉಳಿಯುತ್ತಿತ್ತು. ಹೆಚ್ಚುಕಡಿಮೆ ಅರ್ಧ ಹೋಯಿತು.

ಬೆಲೆ ಏರಿಸಿ ಅನ್ನುತ್ತೀರಿ. ಏರಿಸಿದ ರೂಪಾಯಿಯಲ್ಲೂ ಕಮಿಷನ್ನು, ಅದರ ಜಿಎಸ್‌ಟಿ ಸೇರಿ 28 ಪೈಸೆ ನಿಮಗೇ ಬರುತ್ತದೆ. ಈ 11.33 ವಾಪಸ್ ಪಡೆಯೋಕೆ ಬಾತಿನ ಬೆಲೆ 16 ರೂ. ಏರಿಸಬೇಕು. ಪಕ್ಕದ ಬೀದಿಯ ಹೋಟೆಲಿನ ಬೆಲೆಯೂ ಅದೇ ಪರದೆಯಲ್ಲಿ ಕಾಣುವಾಗ ಅದು ಆಗದ ಮಾತು.

ಇನ್ನೊಂದು ವಿಷಯ. ಕಮಿಷನ್ ಮೇಲಿನ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ತಗೊಳ್ಳಿ ಅಂತ ನಿಮ್ಮ ಸಪೋರ್ಟ್‌ನವರು ಬರೆದಿದ್ದಾರೆ. ಶೇ. 5 ದರದ ಊಟದ ವ್ಯಾಪಾರಕ್ಕೆ ಆ ಕ್ರೆಡಿಟ್ ಇಲ್ಲ. ನಮ್ಮಂಥವರಿಗೆ ಆ 9.07 ನೇರ ಖರ್ಚು. ಶೇ. 0.1 ಟಿಡಿಎಸ್ ಬೇರೆ ಮಾತು, ಅದು ನನ್ನ ಆದಾಯ ತೆರಿಗೆಗೆ ಜಮಾ ಆಗುತ್ತದೆ. ಅದರ ಬಗ್ಗೆ ತಕರಾರಿಲ್ಲ. ಶೇ. 24 ಅಂತ ಸಹಿ ಹಾಕಿಸಿಕೊಂಡು, ಗ್ರಾಹಕ ಕೊಟ್ಟ 170ರಲ್ಲಿ ಶೇ. 35 ಹೋಗುತ್ತಿರುವುದಕ್ಕೆ ತಕರಾರು. ಜಾಹೀರಾತು ಸೇರಿಸಿದರೆ ಶೇ. 44ರ ಹತ್ತಿರ.

ಇಷ್ಟು ದಿನ ಇದು ಕಣ್ಣಿಗೆ ಬೀಳದಿದ್ದಕ್ಕೆ ಕಾರಣ ಇದೆ. ಆಫರ್ ಇಲ್ಲದ ಆರ್ಡರ್‌ನಲ್ಲಿ ಎರಡೂ ಲೆಕ್ಕ ಒಂದೇ ಬರುತ್ತದೆ. ನಿಮ್ಮ ವಾರದ ಸ್ಟೇಟ್‌ಮೆಂಟಿನ ಮೊದಲ ಪುಟದಲ್ಲಿ ಒಟ್ಟು ಮೊತ್ತ ಮಾತ್ರ ಇರುತ್ತದೆ, ಅಲ್ಲಿ ಏನೂ ತಿಳಿಯಲ್ಲ. ಒಂದು ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಆರ್ಡರ್‌ವಾರು ಎಕ್ಸೆಲ್ ಇಳಿಸಿಕೊಂಡು ಕೂತೆ. ನನ್ನ ಹಾಳೆಯಲ್ಲಿ F ಡಿಸ್ಕೌಂಟಿಗೆ ಮುಂಚಿನ ಮೊತ್ತ, G ನಮ್ಮ ಡಿಸ್ಕೌಂಟ್, K ಜಿಎಸ್‌ಟಿ ಸೇರದ ಕಮಿಷನ್.

```
=K2/(F2-G2)
=K2/F2
```

ಮೊದಲನೆಯದು 0.24 ಬರಬೇಕು. ಬಾತಿನ ಆ ಆರ್ಡರ್‌ಗೆ ಬಂದದ್ದು 0.2965. ಎರಡನೆಯದು ಆಫರ್ ಇರುವ ಪ್ರತಿಯೊಂದು ಸಾಲಿನಲ್ಲೂ ಸರಿಯಾಗಿ 0.24. ಒಂದೆರಡು ಸಾಲಿನಲ್ಲಿ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತು.

ಆಫರ್ ಶುರುವಾದಾಗಿನಿಂದ 9 ವಾರ, ಅದರಲ್ಲಿ ಈ ಆಫರ್ ಹಾಕಿ ಬಂದದ್ದು 612 ಆರ್ಡರ್. ಆರ್ಡರ್ ಚಿಕ್ಕದಿರಲಿ, ದೊಡ್ಡದಿರಲಿ, ಡಿಸ್ಕೌಂಟ್ 40 ರೂಪಾಯಿಯೇ. ಹಾಗಾಗಿ ಹೆಚ್ಚಿಗೆ ಹಿಡಿದ ಕಮಿಷನ್ 5,875.20, ಜಿಎಸ್‌ಟಿ 1,057.54, ಒಟ್ಟು 6,932.74 ರೂ. ಡಿಸ್ಕೌಂಟಿನಲ್ಲಿ ನಿಮ್ಮ ಪಾಲೂ ಇದ್ದ ಆರ್ಡರ್‌ಗಳನ್ನು ನಾನೇ ಬಿಟ್ಟಿದ್ದೇನೆ. ನಿಮ್ಮ ಪಾಲು ನಮಗೆ ಬರುವುದರಿಂದ ಅದರ ಮೇಲೆ ಕಮಿಷನ್ ಹಿಡಿಯುವುದು ಸರಿಯೇ.

ನನಗೆ ಬೇಕಾದ್ದು ಹೀಗಿದೆ. ಹೆಚ್ಚಿಗೆ ಹಿಡಿದ ಕಮಿಷನ್ನಿಗೆ ಜಿಎಸ್‌ಟಿ ಸಮೇತ ಕ್ರೆಡಿಟ್ ನೋಟ್ ಕೊಟ್ಟು ದುಡ್ಡು ವಾಪಸ್ ಹಾಕಿ. ಮುಂದಿನ ಜಾಹೀರಾತಿಗೆ ಕೂಪನ್ ಕೊಡುತ್ತೇವೆ ಅಂತ ಕಳೆದ ಸಲ ಹೇಳಿದ್ದು ಬೇಡ. ಮುಂದಿನ ವಾರದಿಂದ ಲೆಕ್ಕ ತಿದ್ದಿ, ಯಾವ ಮೊತ್ತದ ಮೇಲೆ ಕಮಿಷನ್ ಹಾಕಿದ್ದೀರಿ ಅನ್ನುವುದನ್ನು ಸ್ಟೇಟ್‌ಮೆಂಟಿನಲ್ಲಿ ಪ್ರತ್ಯೇಕ ಕಾಲಂ ಮಾಡಿ ತೋರಿಸಿ. ನನ್ನ ಲೆಕ್ಕ ತಪ್ಪು ಅನ್ನುವುದಾದರೆ, ಒಪ್ಪಂದದ ಯಾವ ಸಾಲಿನ ಪ್ರಕಾರ ತಪ್ಪು ಅಂತ ಬರೆದು ತಿಳಿಸಿ.

15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಒಪ್ಪಂದದ ತಕರಾರು ಕಲಮಿನ ಪ್ರಕಾರ ನೋಟಿಸ್ ಕೊಡುತ್ತೇನೆ. 40 ರೂಪಾಯಿ ಆಫರನ್ನು ನಿನ್ನೆಯಿಂದ ನಿಲ್ಲಿಸಿದ್ದೇನೆ. ದಿನಕ್ಕೆ 20 ಬರುತ್ತಿದ್ದ ಆರ್ಡರ್ ನಿನ್ನೆ 13ಕ್ಕೆ ಇಳಿಯಿತು. ಆಫರ್ ಮತ್ತೆ ಹಾಕಿ ಅಂತ ಇವತ್ತು ಬೆಳಿಗ್ಗೆ ನಿಮ್ಮ ಮ್ಯಾನೇಜರ್ ಫೋನ್ ಮಾಡಿದ್ದರು. ಈ ಪತ್ರಕ್ಕೆ ಉತ್ತರ ಬರಲಿ, ಆಮೇಲೆ ನೋಡೋಣ ಅಂದಿದ್ದೇನೆ.

ಲಗತ್ತು: ಒಪ್ಪಂದದ ಕಮಿಷನ್ ಪುಟ, 9 ವಾರದ ಸ್ಟೇಟ್‌ಮೆಂಟ್, 612 ಆರ್ಡರ್‌ಗಳ ಎಕ್ಸೆಲ್ ಹಾಳೆ, ಮೂರು ಟಿಕೆಟ್‌ಗಳ ಸ್ಕ್ರೀನ್‌ಶಾಟ್.

ಇಂತಿ,
ಕಿಚನ್ ಮಾಲೀಕ
ಹನುಮಂತನಗರ, ಬೆಂಗಳೂರು