ಗೋಡೆ ಕಡೆ ತಿರುಗಿ ಮಲಗಿದ್ದ ಹುಡುಗಿ

ಪ್ರಿಯ ಮಂಜ,

ಮೊದಲ ನೈಟ್ ಡ್ಯೂಟಿ ಹೇಗಿತ್ತು ಅಂತ ಕೇಳಿದ್ದೆಯಲ್ಲ. ನೆಗಡಿ, ಭೇದಿ, ಬಿದ್ದು ತಲೆ ಒಡೆದುಕೊಂಡವರು, ಎಲ್ಲ ಬಂದರು. ಅವರನ್ನು ಬಿಡು. ಒಂದು ಮಗುವಿನ ಕತೆ ಮಾತ್ರ ಬರೆಯುತ್ತೇನೆ.

ರಾತ್ರಿ ಹನ್ನೊಂದು ದಾಟಿತ್ತು. ಬಿಳಿಗಿರಿರಂಗನ ಬೆಟ್ಟದ ಕಡೆಯ ಒಂದು ಸೋಲಿಗರ ಪೋಡಿನಿಂದ 108 ಗಾಡಿಯಲ್ಲಿ ಏಳು ವರ್ಷದ ಹುಡುಗಿಯನ್ನು ಕರೆತಂದರು. ತೂಕ 20 ಕೆ.ಜಿ. ಜೊತೆಗೆ ಅಪ್ಪ, ಅಜ್ಜಿ. ಸಂಜೆ ಹಳ್ಳದ ತಣ್ಣೀರಿನಲ್ಲಿ ಆಡಿ ಬಂದಿದ್ದಳಂತೆ. ಆಮೇಲೆ ಎರಡೂ ತೊಡೆ, ಸೊಂಟ ಹಿಡಿದುಕೊಂಡಿತು. ಅವಳು ಅಳುತ್ತಿರಲಿಲ್ಲ. ಗೋಡೆ ಕಡೆ ತಿರುಗಿ, ಮೊಣಕಾಲು ಮಡಚಿ, ಅಲ್ಲಾಡದೆ ಮಲಗಿದ್ದಳು. ಬೆಡ್‌ಶೀಟ್ ಎಳೆದರೂ ಮುಖ ಗಟ್ಟಿಯಾಗುತ್ತಿತ್ತು. ಅಪ್ಪ ಪ್ಲಾಸ್ಟಿಕ್ ಕವರಿನಿಂದ ಒಂದು ಕಾರ್ಡ್ ತೆಗೆದು ಕೊಟ್ಟರು. ಸಿಕಲ್ ಸೆಲ್.

ನಿನಗೆ ಇದು ಹೊಸದಿರಬಹುದು. ಹಿಮೋಗ್ಲೋಬಿನ್ನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ, ಅಷ್ಟೇ. ಆದರೆ ಆಮ್ಲಜನಕ ಕಡಿಮೆಯಾದಾಗ ಆ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಉದ್ದುದ್ದ ಎಳೆಗಳಾಗುತ್ತದೆ, ದುಂಡಗಿನ ಕೆಂಪು ಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಕಾಲುವೆಗೆ ಕಸಕಡ್ಡಿ ಸಿಕ್ಕಿಕೊಂಡ ಹಾಗೆ ಸಣ್ಣ ರಕ್ತನಾಳ ಕಟ್ಟಿಕೊಳ್ಳುತ್ತದೆ. ಅದರಾಚೆಗಿನ ಮೂಳೆಗೆ ರಕ್ತ ಹೋಗುವುದಿಲ್ಲ. ಚಳಿ, ಮೈಯಲ್ಲಿ ನೀರು ಕಡಿಮೆಯಾಗುವುದು, ಜ್ವರ, ಯಾವುದು ಬೇಕಾದರೂ ಇದನ್ನು ಕೆರಳಿಸಬಹುದು. ಇದು ಎಲ್ಲೋ ಆಫ್ರಿಕಾದ ಕಾಯಿಲೆ ಅಂತ ನಾವು ಓದುವಾಗ ಅಂದುಕೊಂಡಿದ್ದೆವು. ಆದರೆ ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದೇ ಇಲ್ಲಿ ಪಕ್ಕದ ನೀಲಗಿರಿಯಲ್ಲಿ, 1952ರಲ್ಲಿ, ಅಲ್ಲಿನ ಬುಡಕಟ್ಟು ಜನರಲ್ಲಿ.

ಆ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಇಷ್ಟು ಸುಮ್ಮನಿರುವ ಮಗುವಿಗೆ ಮಾರ್ಫಿನ್‌ನಂಥ ಬಲವಾದ ನೋವಿನ ಔಷಧಿ ಬೇಕಾ? ನೋವು ಎಷ್ಟಿದೆ ಅಂತ ಹೇಳುವ ರಕ್ತಪರೀಕ್ಷೆ ಯಾವುದೂ ಇಲ್ಲ. ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ನಾಡಿ, ಬಿಪಿ ಸರಿಯಾಗಿಯೇ ಇರಬಹುದು. ಚಿಕ್ಕಂದಿನಿಂದ ನೋವು ತಿಂದ ಮಕ್ಕಳು ಅಳುವುದನ್ನೇ ಬಿಟ್ಟಿರುತ್ತಾರೆ. ನಗುಮುಖದಿಂದ ಅಳುಮುಖದವರೆಗೆ ಆರು ಚಿತ್ರಗಳಿರುವ ಹಾಳೆ ತೋರಿಸಿದೆ. ಕೊನೆಯದರ ಹಿಂದಿನದಕ್ಕೆ ಬೆರಳಿಟ್ಟಳು. ಹತ್ತಕ್ಕೆ ಎಂಟು. ‘ಮೂಳೆ ಒಳಗೆ’ ಅಂದಳು.

ಸೀನಿಯರ್ ಮೇಡಂಗೆ ಫೋನ್ ಮಾಡಿದೆ. ‘ಅವಳು ಎಂಟು ಅಂದರೆ ಎಂಟೇ. ಬಂದ ಅರ್ಧ ಗಂಟೆಯೊಳಗೆ ಮೊದಲ ಡೋಸ್ ಹೋಗಿರಬೇಕು. ಉಳಿದದ್ದು ಆಮೇಲೆ’ ಅಂದರು.

ಮಾರ್ಫಿನ್ ಇರುವುದು ಬೀಗ ಹಾಕಿದ ಕಪಾಟಿನಲ್ಲಿ. ಕೀ ಸಿಸ್ಟರ್ ಹತ್ತಿರ. ರಿಜಿಸ್ಟರಿನಲ್ಲಿ ಹೆಸರು, ಡೋಸ್, ಇಬ್ಬರ ಸಹಿ. ಖಾಲಿ ಆಂಪ್ಯೂಲ್ ಕೂಡ ಲೆಕ್ಕಕ್ಕೆ ವಾಪಸ್ ಕೊಡಬೇಕು. ಈ ರಗಳೆಗೇ ಎಷ್ಟೋ ಕಡೆ ಡಾಕ್ಟರುಗಳು ಬೇರೆ ಸಣ್ಣ ಇಂಜೆಕ್ಷನ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ ಅನ್ನುವುದು ನನ್ನ ಅನುಮಾನ. 10 ಮಿ.ಗ್ರಾಂ. ಆಂಪ್ಯೂಲಿಗೆ ಸಲೈನ್ ಸೇರಿಸಿ 10 ಮಿ.ಲೀ. ಮಾಡಿದೆವು. ಆಗ ಒಂದು ಮಿ.ಲೀ.ಗೆ ಒಂದು ಮಿ.ಗ್ರಾಂ., ಲೆಕ್ಕ ತಪ್ಪುವುದಿಲ್ಲ. ಕೆ.ಜಿ.ಗೆ 0.1 ಮಿ.ಗ್ರಾಂ.ನಂತೆ 2 ಮಿ.ಲೀ., ಐದು ನಿಮಿಷ ಹಿಡಿದು ನಿಧಾನಕ್ಕೆ. ಜೊತೆಗೆ ಪ್ಯಾರಾಸಿಟಮಾಲ್. ಉಸಿರು ತೀರಾ ನಿಧಾನವಾದರೆ ಇರಲಿ ಅಂತ ನ್ಯಾಲಾಕ್ಸೋನ್ ಟ್ರೇಯಲ್ಲಿ.

ಅರ್ಧ ಗಂಟೆ ಬಿಟ್ಟು ಮತ್ತೆ ಹಾಳೆ ತೋರಿಸಿದೆ. ಆರು. ಅರ್ಧ ಡೋಸ್ ಮತ್ತೆ ಕೊಟ್ಟೆ. ಆಮೇಲೆ ನಾಲ್ಕು. ಆಗ ಮೊದಲ ಸಲ ಈ ಕಡೆ ತಿರುಗಿ, ಕಾಲು ಚಾಚಿದಳು. ಅಜ್ಜಿ ಬಟ್ಟೆ ಬಿಸಿ ಮಾಡಿ ತೊಡೆಗೆ ಇಡುತ್ತಲೇ ಇದ್ದರು. ಅದೂ ಒಳ್ಳೆಯ ಚಿಕಿತ್ಸೆಯೇ ಕಣೋ, ಐಸ್ ಮಾತ್ರ ಇಡಬಾರದು.

ಡ್ರಿಪ್ ವಿಷಯದಲ್ಲಿ ಸಿಸ್ಟರ್‌ಗೂ ನನಗೂ ಸಣ್ಣ ವಾದವಾಯಿತು. ‘ಜೋರಾಗಿ ಬಿಡೋಣ ಡಾಕ್ಟ್ರೇ, ರಕ್ತ ತೆಳುವಾಗಲಿ’ ಅಂದರು. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ಹೆಚ್ಚಾದ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ, ಈ ಮಕ್ಕಳಿಗೆ ದೊಡ್ಡ ಅಪಾಯ ಇರುವುದೇ ಅಲ್ಲಿ. 20 ಕೆ.ಜಿ. ಮಗುವಿಗೆ ದಿನಕ್ಕೆ ಒಂದೂವರೆ ಲೀಟರ್ ಸಾಕು, ಅಂದರೆ ಗಂಟೆಗೆ ಅರವತ್ತು ಮಿ.ಲೀ. ಕುಡಿದ ನೀರೂ ಅದರಲ್ಲೇ ಸೇರಿತು.

ಹಿಮೋಗ್ಲೋಬಿನ್ 7.8 ಬಂತು. ಬೇರೆ ಮಗುವಾಗಿದ್ದರೆ ರಕ್ತ ಹಾಕಲು ಓಡುತ್ತಿದ್ದೆ. ಕಾರ್ಡ್ ನೋಡಿದರೆ ಅವಳಿಗೆ ಯಾವಾಗಲೂ ಎಂಟರ ಆಸುಪಾಸು. ಬರೀ ನೋವಿಗೆ ರಕ್ತ ಹಾಕುವುದಿಲ್ಲ. ಆದರೆ ಎರಡು ಪಾಯಿಂಟ್ ಇಳಿದಿದ್ದರೆ ಗುಲ್ಮ, ಅಂದರೆ ಎಡಪಕ್ಕೆಯ ಸ್ಪ್ಲೀನ್, ನೋಡಲೇಬೇಕು. ಆಫ್ರಿಕಾದ ಮಕ್ಕಳಲ್ಲಿ ಸಾಮಾನ್ಯವಾಗಿ ಐದಾರು ವರ್ಷದೊಳಗೆ ಗುಲ್ಮ ಮುದುಡಿ ಹೋಗುತ್ತದೆ. ನಮ್ಮ ಮಕ್ಕಳಲ್ಲಿ ಎಷ್ಟೋ ವರ್ಷ ದೊಡ್ಡದಾಗಿಯೇ ಉಳಿಯುವುದು ಜಾಸ್ತಿ. ಒಮ್ಮೊಮ್ಮೆ ಅದು ದಿಢೀರನೆ ರಕ್ತವನ್ನೆಲ್ಲ ಒಳಗೆ ಹಿಡಿದಿಟ್ಟುಕೊಂಡುಬಿಡುತ್ತದೆ. ಇವಳದು ಎಡಪಕ್ಕೆಯಿಂದ ಎರಡು ಬೆರಳು ಕೆಳಗಿತ್ತು. ಅಂಚಿಗೆ ಪೆನ್ನಿನಿಂದ ಗೆರೆ ಎಳೆದೆ. ಬೆಳಗಿನವರೆಗೂ ಆ ಗೆರೆ ದಾಟಲಿಲ್ಲ.

ಮೂರು ಗಂಟೆಗೆ ಸಿಸ್ಟರ್ ಕರೆದರು. ಹುಡುಗಿ ಬಲಗೈಯಿಂದ ಪಕ್ಕೆ ಒತ್ತಿ ಹಿಡಿದಿದ್ದಳು. ಉಸಿರು ನಿಮಿಷಕ್ಕೆ 34, ಆಮ್ಲಜನಕ 94, ಮುಂಚೆ 97 ಇತ್ತು. ಜ್ವರ ಇಲ್ಲ, ಎದೆಯಲ್ಲಿ ಸದ್ದಿಲ್ಲ. ನನಗೆ ನಿಜಕ್ಕೂ ಭಯವಾದದ್ದು ಆಗ. ನೋವಿಗೆ ಅಂತ ಸೇರಿದ ಮಗುವಿಗೆ ಎರಡು ಮೂರು ದಿನದೊಳಗೆ ಎದೆಗೆ ಇಳಿಯುವುದುಂಟು, ಅಕ್ಯೂಟ್ ಚೆಸ್ಟ್ ಸಿಂಡ್ರೋಮ್ ಅನ್ನುತ್ತಾರೆ. ಇದರಲ್ಲಿ ಜೀವವೇ ಹೋಗಬಹುದು. ಅದು ಶುರುವಾಗುವ ಒಂದು ದಾರಿ ಹೀಗೆ: ಪಕ್ಕೆಲುಬು ನೋಯುತ್ತದೆ, ಮಗು ಆಳವಾಗಿ ಉಸಿರೆಳೆಯುವುದಿಲ್ಲ, ಶ್ವಾಸಕೋಶದ ತಳ ಮುಚ್ಚಿಕೊಳ್ಳುತ್ತದೆ, ಅಲ್ಲಿ ಆಮ್ಲಜನಕ ಇಳಿಯುತ್ತದೆ, ಇನ್ನಷ್ಟು ಕಣ ಕುಡುಗೋಲಾಗುತ್ತವೆ. ಮಾರ್ಫಿನ್ ಜಾಸ್ತಿಯಾದರೂ ಉಸಿರಾಟ ಕೆಡುತ್ತದೆ, ಕಡಿಮೆಯಾದರೂ ಕೆಡುತ್ತದೆ. ಜಾಸ್ತಿಯಾಗಿದ್ದರೆ ಉಸಿರಿನ ಎಣಿಕೆ ಕಡಿಮೆಯಾಗಿ ಮಗು ಮಂಪರಿಗೆ ಹೋಗುತ್ತಿತ್ತು. ಇವಳು ಪೂರ್ತಿ ಎಚ್ಚರವಿದ್ದಳು, ಮೇಲು ಮೇಲೆ ಚಿಕ್ಕ ಚಿಕ್ಕ ಉಸಿರು. ಅಂದರೆ ನೋವು ಇನ್ನೂ ಇತ್ತು.

ಇನ್ನೊಂದು ಮಿ.ಗ್ರಾಂ. ಕೊಟ್ಟೆವು. ಮೂಗಿಗೆ ಆಮ್ಲಜನಕ. ಎಕ್ಸ್‌ರೇ ತೆಗೆಸಿದೆ, ಸ್ವಚ್ಛವಾಗಿತ್ತು. ಮೊದಲ ಹೊತ್ತಿನಲ್ಲಿ ಅದನ್ನು ನಂಬಲಾಗದು. ಹಾಕಬೇಕಾಗಿ ಬಂದರೆ ಇರಲಿ ಅಂತ ಅವಳಿಗೆ ಹೊಂದುವ ರಕ್ತ ಕ್ರಾಸ್‌ಮ್ಯಾಚ್ ಮಾಡಿಟ್ಟುಕೊಂಡೆ. ಸಿಸ್ಟರ್ ಬಾಟಲಿಗೆ ಅರ್ಧ ನೀರು ತುಂಬಿ ನಳಿಕೆ ಇಳಿಸಿ ಗುಳುಗುಳು ಅನ್ನಿಸು ಅಂದರು. ಮೊದಲು ಎರಡು ಗುಳ್ಳೆ ಅಷ್ಟೇ. ಔಷಧಿ ಹಿಡಿದ ಮೇಲೆ ಒಂದು ಉದ್ದ ಸಾಲೇ ಬಂತು. ಎಚ್ಚರವಿದ್ದಾಗಲೆಲ್ಲ ಗಂಟೆಗೊಮ್ಮೆ ಹತ್ತು ಸಲ ಊದಿಸಿದೆವು. ಐದು ಗಂಟೆಗೆ ಉಸಿರು 24, ಆಮ್ಲಜನಕ 97. ಎರಡನೇ ದಿನದ ಎಕ್ಸ್‌ರೇಯೂ ಸ್ವಚ್ಛ.

ಈಗ ಬಾಯಿಂದ ಕೊಡುವ ಔಷಧಿಗೆ ಬದಲಾಯಿಸಿದ್ದೇವೆ, ಓಡಾಡುತ್ತಾಳೆ. ಹೈಡ್ರಾಕ್ಸಿಯೂರಿಯಾ ಮಾತ್ರೆ ದಿನಾ ತೆಗೆದುಕೊಂಡರೆ, ಮಗು ತಾಯಿಯ ಹೊಟ್ಟೆಯಲ್ಲಿದ್ದಾಗ ಇರುವ ಬಗೆಯ ಹಿಮೋಗ್ಲೋಬಿನ್ ಹೆಚ್ಚಾಗಿ ಇಂಥ ನೋವು ಕಡಿಮೆಯಾಗುತ್ತದೆ. ಅವಳು ತೆಗೆದುಕೊಳ್ಳುತ್ತಿದ್ದಳು, ಆದರೆ ಮಧ್ಯೆ ನಿಂತುಹೋಗಿತ್ತು. ರಕ್ತಪರೀಕ್ಷೆಗೆ ಕೆಳಗಿಳಿದು ಬಂದರೆ ಅಪ್ಪನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಮಾತ್ರೆಯನ್ನೂ ಪರೀಕ್ಷೆಯನ್ನೂ ಅವರ ಸಂತೆ ದಿನಕ್ಕೇ ಹೊಂದಿಸಲು ಮೇಡಂ ಒಪ್ಪಿದ್ದಾರೆ.

ನಿನ್ನೆ ಅಪ್ಪ ಮೆಲ್ಲಗೆ ಕೇಳಿದರು: ‘ಸಾರ್, ಮನೇಲಿ ಇವಳ ತಮ್ಮ ಇದ್ದಾನೆ. ಅವನಿಗೂ ಬತ್ತದಾ?’ ಅಪ್ಪ ಅಮ್ಮ ಇಬ್ಬರೂ ವಾಹಕರು, ತಮಗೆ ಕಾಯಿಲೆ ಇಲ್ಲದಿದ್ದರೂ ಮಕ್ಕಳಿಗೆ ದಾಟಿಸಬಲ್ಲವರು. ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆ ಬರುವ ಸಾಧ್ಯತೆ. ಅವನಿಗೆ ಮೂರು ವರ್ಷ. ಇವತ್ತು ಅಮ್ಮನ ಜೊತೆ ಬಂದಿದ್ದ. ಬೆರಳು ಚುಚ್ಚಿ ಮಾಡುವ ಪರೀಕ್ಷೆ ಪಾಸಿಟಿವ್ ಬಂತು. ನಮ್ಮಲ್ಲಿರುವ ಆ ಪರೀಕ್ಷೆ ವಾಹಕನೋ ರೋಗಿಯೋ ಅಂತ ಬೇರೆ ಮಾಡಿ ಹೇಳುವುದಿಲ್ಲ. ಅದನ್ನು ಬೇರೆ ಮಾಡಿ ಹೇಳುವ ಎಚ್‌ಪಿಎಲ್‌ಸಿ ಪರೀಕ್ಷೆಗೆ ರಕ್ತ ಕಳಿಸಿದ್ದೇನೆ, ರಿಪೋರ್ಟ್ ಇನ್ನೂ ಬಂದಿಲ್ಲ. ಬಂದಾಗ ಬರೆಯುತ್ತೇನೆ.

ನಿನ್ನ,
ಶಶಿ