ದೂರಿನ ಮೊದಲ ಪುಟವನ್ನು ಮತ್ತೊಮ್ಮೆ ಓದು

ಚಿರಂಜೀವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳುಹಿಸಿದ ಎಫ್‌ಐಆರ್ ಮತ್ತು ಅದಕ್ಕೆ ಲಗತ್ತಿಸಿದ ದೂರಿನ ಪ್ರತಿಯನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ಕಬ್ಬಿಣದ ತಗಡಿನ ವ್ಯಾಪಾರದಲ್ಲಿ ಉಳಿದ ಬಾಕಿಗೆ ನಿನ್ನ ಮೇಲೆ ವಂಚನೆ ಮತ್ತು ನಂಬಿಕೆ ದ್ರೋಹದ ಆರೋಪ ಹೊರಿಸಲಾಗಿದೆ ಎಂದು ಮನೆಯವರೆಲ್ಲ ಗಾಬರಿಯಾಗಿರುವುದು ಸಹಜ. ಮೂವತ್ತು ವರ್ಷ ವಕೀಲಿ ಮಾಡಿದವನಾಗಿ ನನಗೆ ತೋಚಿದ್ದನ್ನು ಬರೆಯುತ್ತಿದ್ದೇನೆ. ನಿನ್ನ ವಕೀಲರಿಗೂ ಇದನ್ನು ತೋರಿಸು.

ಎಫ್‌ಐಆರ್ ರದ್ದುಪಡಿಸಬೇಕೆಂದು ಹೈಕೋರ್ಟಿಗೆ ಹೋಗುವವರು ಸಾಮಾನ್ಯವಾಗಿ ತಮ್ಮ ಕಥೆಯನ್ನು ಹೇಳಿಕೊಳ್ಳಲು ಹೋಗುತ್ತಾರೆ. ಆದರೆ ಅಲ್ಲಿ ನ್ಯಾಯಮೂರ್ತಿಗಳು ಮೊದಲು ನೋಡುವುದು ಎದುರಾಳಿಯ ಕಥೆಯನ್ನು. ದೂರಿನಲ್ಲಿ ಬರೆದದ್ದೆಲ್ಲ ನಿಜವೆಂದೇ ಒಪ್ಪಿಕೊಂಡರೂ ಅಪರಾಧವೊಂದು ರೂಪುಗೊಳ್ಳುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಹರಿಯಾಣ ಸರ್ಕಾರ ಮತ್ತು ಭಜನ್ ಲಾಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗುರುತಿಸಿದ ಏಳು ಸಂದರ್ಭಗಳಲ್ಲಿ ಮೊದಲನೆಯದೇ ಇದು. ಆದ್ದರಿಂದ ನಿನ್ನ ಅರ್ಜಿಯ ಬಲ ನಿನ್ನ ಕಡತದಲ್ಲಿರುವುದಕ್ಕಿಂತ ಹೆಚ್ಚಾಗಿ ಆ ದೂರಿನಲ್ಲೇ ಇದೆ.

ದೂರಿನ ಮೊದಲ ಪುಟವನ್ನು ಮತ್ತೊಮ್ಮೆ ಓದು. 2024ರ ಆಗಸ್ಟಿನಿಂದ ಒಟ್ಟು ಹನ್ನೊಂದು ಲೋಡು ಮಾಲು ಕೊಟ್ಟೆ, ಬೆಲೆ 24 ಲಕ್ಷ, ಮೊದಲ ನಾಲ್ಕು ಬಿಲ್ಲುಗಳ ಹಣ ಗಡುವಿನೊಳಗೆ ಬಂತು, ಒಟ್ಟಾರೆ 15.5 ಲಕ್ಷ ಬ್ಯಾಂಕಿನ ಮೂಲಕ ಜಮೆಯಾಗಿದೆ, ಉಳಿದ 8.5 ಲಕ್ಷ ಕೇಳಿದರೆ ನಾಳೆ, ನಾಡಿದ್ದು ಎಂದು ಸತಾಯಿಸುತ್ತಿದ್ದಾನೆ ಎಂದು ಫಿರ್ಯಾದುದಾರರೇ ಬರೆದಿದ್ದಾರೆ. ಮೂರನೆಯ ಪುಟದ ಕೊನೆಗೆ ಬಂದರೆ, ‘ಆರೋಪಿಯು ಆರಂಭದಿಂದಲೂ ಮೋಸ ಮಾಡುವ ಉದ್ದೇಶ ಹೊಂದಿದ್ದನು’ ಎಂಬ ಒಂದು ವಾಕ್ಯವಿದೆ. ಅದನ್ನು ಬರೆಸಿದವರಿಗೆ ಕಾನೂನು ಗೊತ್ತಿದೆ, ಏಕೆಂದರೆ ಆ ವಾಕ್ಯವಿಲ್ಲದೆ ವಂಚನೆಯ ಕಲಂ ನಿಲ್ಲುವುದಿಲ್ಲ. ಆದರೆ ಮೊದಲ ಪುಟದ ಸಂಗತಿಗಳು ಆ ವಾಕ್ಯದ ಜೊತೆ ಹೊಂದಿಕೊಳ್ಳುತ್ತಿಲ್ಲ. ಮೋಸ ಮಾಡಲೆಂದೇ ವ್ಯಾಪಾರ ಶುರು ಮಾಡಿದವನು ನಾಲ್ಕು ಬಿಲ್ಲುಗಳನ್ನು ಹೊತ್ತಿಗೆ ಸರಿಯಾಗಿ ಏಕೆ ಚುಕ್ತಾ ಮಾಡಿದ ಎಂಬುದಕ್ಕೆ ದೂರಿನಲ್ಲಿ ಒಂದು ಮಾತೂ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಲಂ 318ರಂತೆ ವಂಚನೆಯಾಗಬೇಕಾದರೆ ಮಾಲು ಪಡೆಯುವ ಹೊತ್ತಿಗೇ ಅಪ್ರಾಮಾಣಿಕ ಉದ್ದೇಶ ಇರಬೇಕು. ಕೊಟ್ಟ ಮಾತನ್ನು ಆಮೇಲೆ ಉಳಿಸಿಕೊಳ್ಳಲಿಲ್ಲ ಎಂಬ ಒಂದೇ ಕಾರಣಕ್ಕೆ ಆರಂಭದಲ್ಲೇ ಅಂಥ ಉದ್ದೇಶವಿತ್ತೆಂದು ಊಹಿಸಲಾಗದು ಎಂದು ಹೃದಯ ರಂಜನ್ ಪ್ರಸಾದ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಅರ್ಜಿಯ ಮುಖ್ಯ ವಾದ ಇದೊಂದೇ ಆಗಿರಲಿ.

ಕಲಂ 316ರ ನಂಬಿಕೆ ದ್ರೋಹದ ಆರೋಪ ಇನ್ನೂ ದುರ್ಬಲವಾದುದು. ನಂಬಿಕೆ ದ್ರೋಹವಾಗಬೇಕಾದರೆ ಇನ್ನೊಬ್ಬರ ಸ್ವತ್ತನ್ನು ನಂಬಿ ನಿನ್ನ ವಶಕ್ಕೆ ಒಪ್ಪಿಸಿರಬೇಕು. ಇಲ್ಲಿ ನಡೆದದ್ದು ಮಾರಾಟ. ತಗಡು ನಿನ್ನದಾಯಿತು, ಬೆಲೆ ಸಾಲವಾಗಿ ಉಳಿಯಿತು. ಕುದುರೆಗಳಿಗೆ ಧಾನ್ಯ ಪೂರೈಸಿದವರೊಬ್ಬರು ಸುಮಾರು 9 ಲಕ್ಷ ರೂಪಾಯಿ ಬಾಕಿಗಾಗಿ ದೆಹಲಿ ರೇಸ್ ಕ್ಲಬ್ಬಿನ ಮೇಲೆ ಹೂಡಿದ ಪ್ರಕರಣದಲ್ಲಿ 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ವಿವರಿಸಿದೆ. ಅದೇ ಸಂಗತಿಗಳ ಮೇಲೆ ವಂಚನೆ ಮತ್ತು ನಂಬಿಕೆ ದ್ರೋಹ ಎರಡೂ ಒಟ್ಟಿಗೆ ನಿಲ್ಲಲಾರವು ಎಂದೂ ಹೇಳಿದೆ. ನಿನ್ನ ಪ್ರಕರಣಕ್ಕೆ ಇದಕ್ಕಿಂತ ಹತ್ತಿರದ ತೀರ್ಪು ನನಗೆ ಕಾಣುತ್ತಿಲ್ಲ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ಎರಡನೆಯ ಪುಟದಲ್ಲಿ, ದೊಡ್ಡ ಕಾರ್ಖಾನೆಯೊಂದರಿಂದ ಬಂದ ಖರೀದಿ ಆದೇಶವನ್ನು ನೀನು ತೋರಿಸಿದ್ದರಿಂದಲೇ ಸಾಲವಾಗಿ ಮಾಲು ಕೊಟ್ಟೆ ಎಂಬ ಸಾಲೊಂದಿದೆ. ಆ ಆದೇಶ ನಿಜವಾದುದೇ? ನೀನು ತೋರಿಸಿದ್ದು ಅದನ್ನೇ ಎಂದಾದರೆ ಅದರ ಪ್ರತಿಯನ್ನೂ, ಆ ಕಾರ್ಖಾನೆಗೆ ನೀನು ಮಾಡಿದ ಬಿಲ್ಲುಗಳನ್ನೂ ವಕೀಲರಿಗೆ ಕೊಡು. ಹಾಗಲ್ಲದೆ, ಬಾರದ ಆದೇಶವನ್ನು ಬಂದಿದೆಯೆಂದು ತೋರಿಸಿದ್ದರೆ, ನನಗಲ್ಲದಿದ್ದರೂ ವಕೀಲರಿಗೆ ಅದನ್ನು ಇವತ್ತೇ ಹೇಳಬೇಕು. ಏಕೆಂದರೆ ಸುಳ್ಳು ಹೇಳಿ ಮಾಲು ಪಡೆದದ್ದು ವಂಚನೆಯೇ, ಅದರ ಜೊತೆಗೆ ಹಣದ ವ್ಯಾಜ್ಯವಿದ್ದರೂ ಸರಿಯೇ. ಸಿವಿಲ್ ಪರಿಹಾರವಿದೆ ಎಂಬ ಕಾರಣಕ್ಕೇ ಕ್ರಿಮಿನಲ್ ದೂರನ್ನು ರದ್ದು ಮಾಡಲಾಗದು, ಒಂದೇ ಸಂಗತಿಯಿಂದ ಎರಡೂ ಹುಟ್ಟಬಹುದು ಎಂದು ಇಂಡಿಯನ್ ಆಯಿಲ್ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿದೆ. ಸಾಲದ ವಸೂಲಿಗೆ ಕ್ರಿಮಿನಲ್ ಕಾನೂನನ್ನು ಬಳಸುವ ಪ್ರವೃತ್ತಿಯನ್ನು ಖಂಡಿಸಿದ್ದೂ ಅದೇ ತೀರ್ಪು. ಅದರ ಒಂದೇ ಭಾಗವನ್ನು ಓದಿ ಹೇಳಿದರೆ ಎದುರು ವಕೀಲರು ಇನ್ನೊಂದನ್ನು ಓದುತ್ತಾರೆ.

ಕೊನೆಯ ಎರಡು ಲೋಡುಗಳ ತಗಡು ತೆಳುವಾಗಿತ್ತು, ದರದಲ್ಲಿ ವ್ಯತ್ಯಾಸ ಮಾಡಿದರು ಎಂದು ನೀನು ನಾಲ್ಕು ಪುಟ ಬರೆದಿರುವೆ. ಅದು ನಿಜವೇ ಇರಬಹುದು, ಆದರೆ ಈ ಅರ್ಜಿಗೆ ಅದು ಬೇಡ. ಹಲವು ವರ್ಷಗಳ ಹಿಂದೆ ಇಂಥದೇ ಒಂದು ಅರ್ಜಿಯಲ್ಲಿ ನಾನು ಕಕ್ಷಿದಾರರ ಒತ್ತಾಯಕ್ಕೆ ಮಣಿದು ಲೆಕ್ಕಪತ್ರದ ತಕರಾರುಗಳನ್ನೆಲ್ಲ ತುಂಬಿದ್ದೆ. ಇವೆಲ್ಲ ಸಾಕ್ಷ್ಯದ ಮೇಲೆ ವಿಚಾರಣೆಯಲ್ಲೇ ತೀರ್ಮಾನವಾಗಬೇಕು ಎಂಬ ಎರಡು ಸಾಲಿನಲ್ಲಿ ಅರ್ಜಿ ವಜಾ ಆಯಿತು. ತಪ್ಪು ನನ್ನದೇ, ನಾನೇ ವಿವಾದದ ಸಂಗತಿಗಳನ್ನು ನ್ಯಾಯಾಲಯದ ಮುಂದಿಟ್ಟಿದ್ದೆ. ನಿನ್ನ ಕಡೆಯಿಂದ ಬ್ಯಾಂಕಿನ ವಿವರಪಟ್ಟಿ, ಬಿಲ್ಲುಗಳು ಮತ್ತು ಕಾಲಾವಕಾಶ ಕೇಳಿದ ನಿನ್ನ ಸಂದೇಶ, ಇಷ್ಟು ಮಾತ್ರ ಹೋಗಲಿ, ಏಕೆಂದರೆ ಫಿರ್ಯಾದುದಾರರು ಇವನ್ನು ಅಲ್ಲಗಳೆಯಲಾರರು.

8.5 ಲಕ್ಷ ಬಾಕಿಯಿದೆ ಎಂಬುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡ. ಸಹಿ ಮಾಡಿ ಬಾಕಿ ಒಪ್ಪಿಕೊಂಡರೆ ಅವರಿಗೆ ದಾವೆ ಹೂಡಲು ಇರುವ ಮೂರು ವರ್ಷದ ಕಾಲಮಿತಿ ಅಲ್ಲಿಂದ ಹೊಸದಾಗಿ ಶುರುವಾಗಬಹುದು ಎಂದು ನಿನ್ನ ಭಾವಮೈದುನ ಹೇಳಿದ್ದು ಸರಿಯೇ. ಆದರೂ, ಕೊಡಬೇಕಾದ ಹಣವನ್ನು ಇಲ್ಲವೆನ್ನುವವನ ಉದ್ದೇಶವನ್ನು ನ್ಯಾಯಾಲಯ ಶಂಕಿಸುತ್ತದೆ. ಒಪ್ಪಿಕೊಂಡು ಅಡಚಣೆ ವಿವರಿಸುವವನ ಮಾತು ಸಿವಿಲ್ ವ್ಯಾಜ್ಯವೆಂಬ ವಾದಕ್ಕೆ ಹೊಂದುತ್ತದೆ. ಎಫ್‌ಐಆರ್ ರದ್ದಾದರೂ ಸಾಲ ರದ್ದಾಗುವುದಿಲ್ಲ, ಅದನ್ನು ನೀನು ತೀರಿಸಲೇಬೇಕು. ಆದರೆ ಠಾಣೆಯಲ್ಲಿ ಕುಳಿತು ಕಂತಿನ ಕಾಗದಕ್ಕೆ ಸಹಿ ಮಾಡಬೇಡ, ಹಣ ವಸೂಲಿ ಪೊಲೀಸರ ಕೆಲಸವಲ್ಲ.

ಅರ್ಜಿ ಸಲ್ಲಿಸುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 528ರ ಅಡಿ. ಹಳೆಯ ಸಂಹಿತೆಯಲ್ಲಿ ಇದು ಕಲಂ 482 ಆಗಿತ್ತು. ಹೊಸದರಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು, ಹಾಗಾಗಿ ಸಂಖ್ಯೆ ಅದಲುಬದಲಾಗದಂತೆ ನೋಡಿಕೊಳ್ಳಿ. ಠಾಣೆಯ ಮೂಲಕ ಸರ್ಕಾರ ಮೊದಲ ಪ್ರತಿವಾದಿ, ಫಿರ್ಯಾದುದಾರರು ಎರಡನೆಯವರು. ಅರ್ಜಿ ಹಾಕಿದ ದಿನವೇ ತನಿಖೆಗೆ ತಡೆ ಸಿಕ್ಕೀತೆಂದು ನಂಬಿ ಕೂರಬೇಡ. ಅಂಥ ಆದೇಶಗಳನ್ನು ಯಾಂತ್ರಿಕವಾಗಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2021ರಲ್ಲಿ ನೀಹಾರಿಕಾ ಪ್ರಕರಣದಲ್ಲಿ ಹೈಕೋರ್ಟುಗಳಿಗೆ ತಿಳಿಸಿದೆ. ಆದ್ದರಿಂದ ಕಲಂ 35(3)ರ ನೋಟಿಸಿನಂತೆ ಸೋಮವಾರ ತನಿಖಾಧಿಕಾರಿಯ ಮುಂದೆ ತಪ್ಪದೆ ಹಾಜರಾಗಿ, ಕೊಟ್ಟ ದಾಖಲೆಗಳಿಗೆ ಸ್ವೀಕೃತಿ ಪಡೆದುಕೊ. ಹಾಜರಾಗದೆ ಉಳಿದರೆ ಬಂಧನಕ್ಕೆ ನೀನೇ ಕಾರಣ ಕೊಟ್ಟಂತಾಗುತ್ತದೆ.

ದೂರಿನ ದೃಢೀಕೃತ ಪ್ರತಿಗೆ ನಾಳೆಯೇ ಅರ್ಜಿ ಹಾಕಿಸು. ಖರೀದಿ ಆದೇಶದ ವಿಷಯಕ್ಕೆ ನಿನ್ನ ಉತ್ತರ ಬಂದ ಮೇಲೆ ಅರ್ಜಿಯ ಕರಡನ್ನು ನಾನೂ ಒಮ್ಮೆ ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ