ಪ್ಯಾಕೆಟ್ ಮೇಲೆ 'ಸೇಫ್' ಅಂತ ಎಲ್ಲಿ ಬರೆದಿತ್ತು?

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಿಮ್ಮ ಭಾನುವಾರದ ಪುರವಣಿಯಲ್ಲಿ ಓದುಗರು ಕಳಿಸುವ ಕ್ರೀಮು, ಶಾಂಪೂ, ಹೇರ್ ಡೈ ಪ್ಯಾಕೆಟ್‌ಗಳ ಫೋಟೊ ನೋಡಿ, ಅದರ ಹಿಂಬದಿಯ ಇಂಗ್ಲಿಷ್ ಹೆಸರುಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದೀರಿ. ನಾನು ತಪ್ಪದೆ ಓದುತ್ತೇನೆ. ಕಲಬುರಗಿಯಲ್ಲಿ ಔಷಧ ಅಂಗಡಿ ಇಟ್ಟುಕೊಂಡವನು ನಾನು. ನನ್ನ ಕೌಂಟರ್ ಮುಂದೆಯೂ ದಿನಕ್ಕೆ ನಾಲ್ಕೈದು ಜನ ಮೊಬೈಲ್ ಚಾಚಿ 'ಇದರಾಗ ಏನೈತಿ ಓದಿ ಹೇಳ್ರಿ' ಅನ್ನುತ್ತಾರೆ. ಹಾಗಾಗಿ ನಿಮ್ಮ ಕೆಲಸದ ಬೆಲೆ ಗೊತ್ತು. ತಕರಾರು ಇರುವುದು ಪ್ರತಿ ಉತ್ತರದ ಕೊನೆಯ ಸಾಲಿಗೆ ಮಾತ್ರ. 'ಸುರಕ್ಷಿತ, ಧೈರ್ಯವಾಗಿ ಬಳಸಿ' ಅಂತ ಬರೆಯುತ್ತೀರಲ್ಲ, ಆ ಮಾತು ಪ್ಯಾಕೆಟ್ ಮೇಲೆ ಇರುವುದಿಲ್ಲ. ಫೋಟೊ ನೋಡಿ ಹೇಳಲು ಬರುವ ಮಾತೂ ಅಲ್ಲ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಈ ಸಲ ಶರಣಬಸವೇಶ್ವರ ಜಾತ್ರೆ ಮುಗಿದ ಮರುದಿನ ಆಳಂದ ಕಡೆಯ ಹೆಣ್ಣುಮಗಳೊಬ್ಬರು ಅಂಗಡಿಗೆ ಬಂದರು. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡಿದ್ದರು. 'ಅಣ್ಣಾರ, ಕಣ್ಣ ತೆರಿಲಿಕ್ಕ ಆಗವಲ್ದು ನೋಡ್ರಿ' ಅಂದರು. ರೆಪ್ಪೆಗಳು ಊದಿಕೊಂಡಿದ್ದವು. ಹಣೆಯ ಅಂಚಿನಲ್ಲಿ, ಕಿವಿಯ ಹಿಂದೆ ಕೆಂಪಗೆ ಗುಳ್ಳೆ ಎದ್ದು ನೀರು ಒಸರುತ್ತಿತ್ತು. ಎರಡು ದಿನದ ಹಿಂದೆ ತಲೆಗೆ ಕಪ್ಪು ಮೆಹಂದಿ ಹಚ್ಚಿಕೊಂಡಿದ್ದರಂತೆ. ಎಂಟು ವರ್ಷದಿಂದ ಹಚ್ಚುತ್ತಿದ್ದಾರೆ, ಯಾವತ್ತೂ ಏನೂ ಆಗಿರಲಿಲ್ಲ. ಈ ಸಲ ಅಂಗಡಿಯವನು ಬೇರೆ ಪ್ಯಾಕೆಟ್ ಕೊಟ್ಟಿದ್ದಕ್ಕೆ ಅನುಮಾನ ಬಂದು, ನಾದಿನಿಯ ಮಗನ ಕೈಲಿ ಫೋಟೊ ತೆಗೆಸಿ, ಮನೆಯ ವಾಟ್ಸಾಪ್ ಗುಂಪಿಗೆ ಹಾಕಿಸಿದ್ದರು.

ಅಲ್ಲಿ ಓದಿದವರೊಬ್ಬರು ಕನ್ನಡ ಮಾಡಿ ಕಳಿಸಿದ್ದನ್ನು ನನಗೂ ತೋರಿಸಿದರು. 'ಇದರಲ್ಲಿ ಮೆಹಂದಿ, ನೆಲ್ಲಿಕಾಯಿ, ಶೀಗೆಕಾಯಿ ಇದೆ. ಮತ್ತೆ ಸ್ವಲ್ಪ ಕೆಮಿಕಲ್. ಅಮೋನಿಯಾ ಇಲ್ಲ. ಕೈಗೆ ಹಚ್ಚಿ ನೋಡಿ, ಏನೂ ಆಗದಿದ್ದರೆ ಸೇಫ್.' ಅವರು ಅಂಗೈ ಹಿಂಬದಿಗೆ ಹಚ್ಚಿ ಹತ್ತು ನಿಮಿಷ ನೋಡಿ, ಏನೂ ಆಗಲಿಲ್ಲ ಅಂತ ತಲೆಗೆ ಹಚ್ಚಿದರು. ಬರೆದವರದು ಕೆಟ್ಟ ಉದ್ದೇಶವಲ್ಲ. ಆದರೆ ಆ ನಾಲ್ಕು ಸಾಲಿನಲ್ಲಿ ಏನೇನು ತಪ್ಪಿದೆ ಅಂತ ಕೂತು ನೋಡಿದೆ. ನಿಮ್ಮ ಅಂಕಣಕ್ಕೂ ಅದೇ ಅನ್ವಯಿಸುತ್ತದೆ.

ಮೊದಲು ಫೋಟೊ ನೋಡಿ. ಚೀಟಿಯಂಥ ಪೌಚ್. ಒಳಗೆ ಏನೇನಿದೆ ಅನ್ನುವ ಪಟ್ಟಿಯ ಬಲಗಡೆ ಅಂಚು ಸೀಲಿನ ಮಡಿಕೆಯೊಳಗೆ ಹೋಗಿದೆ. ಮೇಲೆ ಟ್ಯೂಬ್‌ಲೈಟಿನ ಹೊಳಪು. ಒಂದು ಸಾಲಿನ ಕೊನೆಯಲ್ಲಿ p-Phen ಅಂತ ಕಾಣುತ್ತದೆ, ಮುಂದಿನದು ಕಾಣುವುದಿಲ್ಲ. ಓದಿದವರು ಆ ತುಂಡನ್ನು 'ಸ್ವಲ್ಪ ಕೆಮಿಕಲ್' ಒಳಗೆ ಸೇರಿಸಿಬಿಟ್ಟರು. ಅದೇ ಥರದ ಪ್ಯಾಕೆಟ್ ತರಿಸಿ ಮಡಿಕೆ ಬಿಡಿಸಿ ನೋಡಿದೆ. ಪೂರ್ತಿ ಹೆಸರು p-Phenylenediamine. ಕೂದಲನ್ನು ಕಪ್ಪು ಮಾಡುವ ಬಣ್ಣದ ಮೂಲ ಅದೇ. ಪಾರ್ಲರ್‌ನವರು, ಡಾಕ್ಟರರು ಪಿಪಿಡಿ ಅನ್ನುತ್ತಾರೆ. ಹೇರ್ ಡೈಯಿಂದ ಅಲರ್ಜಿ ಆಯಿತು ಅಂದಾಗ ಮೊದಲು ಅನುಮಾನ ಬರುವುದು ಇದರ ಮೇಲೆ.

ಇಂಥ ಹೆಸರಿಗೆ ಕನ್ನಡ ಪದ ಕಟ್ಟಲು ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಇದ್ದ ಹಾಗೆ ಅಕ್ಷರ ಬಿಡದೆ ಬರೆಯಬೇಕು. ಓದುಗರು ಅಂಗಡಿಯಲ್ಲಿ ನಿಂತು ಇನ್ನೊಂದು ಪ್ಯಾಕೆಟ್ ಜೊತೆ ಹೋಲಿಸಿ ನೋಡಬೇಕಲ್ಲ. ಪಕ್ಕದಲ್ಲಿ 'ಕೂದಲಿಗೆ ಕಪ್ಪು ಬಣ್ಣ ಕೊಡುವ ವಸ್ತು, ಕೆಲವರಿಗೆ ಅಲರ್ಜಿ ಮಾಡುತ್ತದೆ' ಅಂತ ಒಂದು ಸಾಲು ಸಾಕು. ಅಕ್ಷರ ಕಾಣದಿದ್ದರೆ 'ಇಲ್ಲಿ ಓದಲು ಆಗಲಿಲ್ಲ' ಅಂತಲೇ ಬರೆಯಿರಿ. ಊಹೆ ಮಾಡಿ ತುಂಬಿದರೆ ಅಪಾಯ, ಸುಮ್ನೆ ಬಿಟ್ಟುಬಿಟ್ಟರೆ ಇನ್ನೂ ಜಾಸ್ತಿ ಅಪಾಯ. ಬಿಟ್ಟಿದ್ದು ಓದುವವರಿಗೆ ಗೊತ್ತೇ ಆಗುವುದಿಲ್ಲ.

ಹಾಗಂತ ಕನ್ನಡ ಮಾಡಿದ ತಕ್ಷಣ ಹೆದರಿಕೆ ಹುಟ್ಟಿಸುವ ಹೆಸರುಗಳೂ ಇವೆ. ನಮ್ಮ ಗಿರಾಕಿಯೊಬ್ಬರು ಮುಖದ ಕ್ರೀಮಿನಲ್ಲಿ 'ಮದ್ಯಸಾರ ಇದೆಯಂತೆ' ಅಂತ ವಾಪಸು ತಂದಿದ್ದರು. ಪಟ್ಟಿಯಲ್ಲಿದ್ದದ್ದು ಸೀಟಿಯರಿಲ್ ಆಲ್ಕೋಹಾಲ್. ಅದು ಮೇಣದಂಥ ಗಟ್ಟಿ ಪದಾರ್ಥ, ಕ್ರೀಮು ಮಂದವಾಗಲು ಹಾಕುತ್ತಾರೆ. ಸಾರಾಯಿಗೂ ಅದಕ್ಕೂ ಸಂಬಂಧವಿಲ್ಲ.

ಈಗ 'ಸ್ವಲ್ಪ' ಅನ್ನುವ ಪದಕ್ಕೆ ಬರುತ್ತೇನೆ. ಪಟ್ಟಿಯಲ್ಲಿ ಎಷ್ಟು ಹಾಕಿದ್ದಾರೆ ಅನ್ನುವುದು ಸಾಮಾನ್ಯವಾಗಿ ಇರುವುದಿಲ್ಲ. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ, ಅಷ್ಟೇ. ಶೇಕಡಾ 1ಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಹಾಗಾಗಿ ಹೆಸರು ಕೆಳಗೆ ಇದೆ ಅಂತ 'ಚೂರೇ ಚೂರು' ಅನ್ನಲು ಬರುವುದಿಲ್ಲ. ಇನ್ನು, ಒಮ್ಮೆ ಅಲರ್ಜಿ ಹತ್ತಿದವರಿಗೆ ಚೂರೂ ಸಾಕಾಗಬಹುದು. 'ಅಮೋನಿಯಾ ಇಲ್ಲ' ಅನ್ನುವುದು ಮುಂಬದಿಯ ಜಾಹೀರಾತು. ಅಮೋನಿಯಾ ಬೇರೆ, ಪಿಪಿಡಿ ಬೇರೆ. ಒಂದು ಇಲ್ಲ ಅಂದರೆ ಇನ್ನೊಂದೂ ಇಲ್ಲ ಅಂತ ಅರ್ಥವಲ್ಲ.

ನನಗೆ ಜಾಸ್ತಿ ಬೇಸರ ಆಗಿದ್ದು ಎಚ್ಚರಿಕೆಯ ಸಾಲಿನ ಅನುವಾದ ನೋಡಿ. ಪಿಪಿಡಿ ಇರುವ ಹೇರ್ ಡೈ ಮೇಲೆ ಏನು ಬರೆಯಬೇಕು ಅಂತ ನಮ್ಮ ದೇಶದ ನಿಯಮವೇ ಹೇಳುತ್ತದೆ. ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ಔಷಧ ಮತ್ತು ಸೌಂದರ್ಯವರ್ಧಕಗಳ ಹಳೆಯ 1945ರ ನಿಯಮಗಳಲ್ಲೇ ಸೇರಿತ್ತು. ನಮ್ಮ ಕಡೆ ಮಾಲು ಹೈದರಾಬಾದಿನಿಂದ, ಸೊಲ್ಲಾಪುರದಿಂದ ಬರುತ್ತದೆ. ಒಳಗಿನ ಚೀಟಿ ತೆರೆದರೆ ತೆಲುಗು ಸಿಗುತ್ತದೆ, ಮರಾಠಿ ಸಿಗುತ್ತದೆ, ಕನ್ನಡ ಹುಡುಕಬೇಕು. ಆ ಎಚ್ಚರಿಕೆಯನ್ನು ನಾನು ಹೀಗೆ ಕನ್ನಡ ಮಾಡುತ್ತೇನೆ: 'ಇದರಲ್ಲಿರುವ ವಸ್ತುಗಳಿಂದ ಕೆಲವರ ಚರ್ಮಕ್ಕೆ ಉರಿ, ತುರಿಕೆ ಆಗಬಹುದು. ಅದಕ್ಕೆ ಜೊತೆಗಿರುವ ಸೂಚನೆ ಪ್ರಕಾರ ಮೊದಲು ಪರೀಕ್ಷೆ ಮಾಡಬೇಕು. ಹುಬ್ಬಿಗೆ, ರೆಪ್ಪೆಯ ಕೂದಲಿಗೆ ಹಚ್ಚಬಾರದು. ಹಚ್ಚಿದರೆ ಕಣ್ಣು ಹೋಗಬಹುದು.'

ಪರೀಕ್ಷೆಯ ಸೂಚನೆ ಬೇರೆ ಇರುತ್ತದೆ. ಕಿವಿಯ ಹಿಂದೆ ಅಥವಾ ಮುಂಗೈಯ ಒಳಬದಿಯಲ್ಲಿ ಸ್ವಲ್ಪ ಜಾಗ ಸೋಪಿನಿಂದ ತೊಳೆಯಬೇಕು. ತಲೆಗೆ ಹಚ್ಚಲು ಕಲಸಿದ ಹಾಗೆಯೇ ಕಲಸಿದ ಡೈಯನ್ನು ಚೂರು ಹಚ್ಚಿ ಒಣಗಲು ಬಿಡಬೇಕು. 24 ಗಂಟೆ ಆದ ಮೇಲೆ ತೊಳೆದು ನೋಡಬೇಕು. ಡೈ ಹಚ್ಚುವ ಪ್ರತಿ ಸಲವೂ ಇದನ್ನು ಮಾಡಬೇಕು. ವಾಟ್ಸಾಪ್ ಅನುವಾದದಲ್ಲಿ ಜಾಗ ಹೋಯಿತು, 24 ಗಂಟೆ ಹೋಯಿತು, 'ಪ್ರತಿ ಸಲ' ಹೋಯಿತು. ಉಳಿದಿದ್ದು 'ಕೈಗೆ ಹಚ್ಚಿ ನೋಡಿ'. ಎಂಟು ವರ್ಷ ಏನೂ ಆಗದವರಿಗೆ ಒಂಬತ್ತನೇ ವರ್ಷ ಅಲರ್ಜಿ ಹತ್ತುವುದುಂಟು. 'ಪ್ರತಿ ಸಲ' ಅನ್ನುವ ಎರಡು ಪದ ಅಲ್ಲಿರುವುದೇ ಅದಕ್ಕೆ.

ಪರೀಕ್ಷೆಯಲ್ಲಿ ಏನೂ ಆಗದಿದ್ದರೆ? ಅಲ್ಲೂ ಇಂಗ್ಲಿಷ್ ಸೂಚನೆ 'ಸೇಫ್' ಅನ್ನುವುದಿಲ್ಲ. 'ಈ ಡೈಗೆ ಅಲರ್ಜಿ ಇಲ್ಲ ಎಂದು ಭಾವಿಸಬಹುದು' ಅನ್ನುತ್ತದೆ, ಅಷ್ಟೇ. ಈ ಥರದ ಅಲರ್ಜಿ ನಿಧಾನ ಏಳುವಂಥದ್ದು. ಒಂದು ದಿನ ಆದ ಮೇಲೆ, ಕೆಲವರಿಗೆ ಎರಡು ಮೂರು ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಆ ಅಕ್ಕನಿಗೂ ಊತ ಎದ್ದದ್ದು ಎರಡನೇ ದಿನ. ಅದಕ್ಕೇ ಈಗ ಕೆಲವು ಪ್ಯಾಕೆಟ್‌ಗಳಲ್ಲಿ 48 ಗಂಟೆ ಅಂತ ಇರುತ್ತದೆ. ಅನುವಾದ ಮಾಡುವವರು 24 ಅಂತ ಇದ್ದರೆ 24, 48 ಅಂತ ಇದ್ದರೆ 48 ಬರೆಯಬೇಕು. ತಮ್ಮ ತಿಳಿವಳಿಕೆ ಸೇರಿಸುವುದಿದ್ದರೆ ಬೇರೆ ಸಾಲಿನಲ್ಲಿ, ಇದು ನನ್ನ ಮಾತು ಅಂತ ಗೊತ್ತಾಗುವ ಹಾಗೆ ಸೇರಿಸಲಿ.

ನಾನು ಅವರಿಗೆ ಮುಲಾಮು ಕೊಡಲಿಲ್ಲ. ಕಣ್ಣಿನ ಸುತ್ತ ಸ್ಟೆರಾಯ್ಡ್ ಮುಲಾಮನ್ನು ಡಾಕ್ಟರ ಚೀಟಿ ಇಲ್ಲದೆ ಹಚ್ಚುವ ಹಾಗಿಲ್ಲ. ಸೀದಾ ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಅಲ್ಲಿ ಮೊದಲು ಕೇಳಿದ್ದು 'ಪ್ಯಾಕೆಟ್ ಎಲ್ಲಿ?' ಅಂತ. ತಿಪ್ಪೆಗೆ ಹೋಗಿತ್ತು. ಉಳಿದಿದ್ದು ಆ ಅರ್ಧ ಫೋಟೊ. ಅದರಲ್ಲಿ ಬ್ಯಾಚ್ ನಂಬರ್ ಇಲ್ಲ, ತಯಾರಿಸಿದವರ ವಿಳಾಸ ಇಲ್ಲ. ಪಿಪಿಡಿಯಿಂದಲೇ ಆಗಿದ್ದು ಅಂತ ಡಾಕ್ಟರೂ ಅವತ್ತೇ ಹೇಳಲಿಲ್ಲ. ಅನುಮಾನ ಅಂದರು. ಊತ ಇಳಿದ ಮೇಲೆ ಬೆನ್ನಿಗೆ ಪ್ಯಾಚ್ ಟೆಸ್ಟ್ ಅಂಟಿಸಿ, ಎರಡು ದಿನಕ್ಕೆ ತೆಗೆದು ಒಮ್ಮೆ, ಆಮೇಲೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿ ಹೇಳುತ್ತೇವೆ ಅಂದರಂತೆ. ರೋಗಿಯನ್ನು ಎದುರಿಗೆ ಕೂರಿಸಿಕೊಂಡ ಡಾಕ್ಟರೇ ಇಷ್ಟು ಅಳೆದು ಮಾತಾಡುತ್ತಾರೆ. ನಾವು ಫೋಟೊ ನೋಡಿ 'ಧೈರ್ಯವಾಗಿ ಬಳಸಿ' ಅನ್ನುತ್ತೇವೆ, ಅಲ್ವಾ?

ಆದ್ದರಿಂದ ಓದುಗರಿಂದ ಫೋಟೊ ಕೇಳುವಾಗ ಮುಂಬದಿ, ಹಿಂಬದಿ, ಮಡಿಕೆ ಬಿಡಿಸಿದ ಅಂಚು, ಒಳಗಿನ ಚೀಟಿ, ಬ್ಯಾಚ್ ನಂಬರ್ ಎಲ್ಲವನ್ನೂ ಕೇಳಿ. ಫೋಟೊ ತೆಗೆದ ಮೇಲೂ ಒಂದು ವಾರ ಪ್ಯಾಕೆಟ್ ಎಸೆಯಬೇಡಿ ಅಂತ ಹೇಳಿ. ಕೊನೆಯ ಸಾಲಿನಲ್ಲಿ 'ಸುರಕ್ಷಿತ' ಅನ್ನುವ ಬದಲು 'ಈ ಫೋಟೊದಲ್ಲಿ ಓದಲು ಸಿಕ್ಕಿದ್ದು ಇಷ್ಟು' ಅಂತ ಹಾಕಿ.

ಆ ಅಕ್ಕ ಹದಿನೈದು ದಿನ ಬಿಟ್ಟು ಮತ್ತೆ ಬಂದಿದ್ದರು. ಊತ ಇಳಿದಿತ್ತು. 'ಡೈ ಬ್ಯಾಡ, ಬರೇ ಮೆಹಂದಿ ಹಚ್ಚಬಹುದೇನ್ರಿ?' ಅಂತ ಕೇಳಿ ಚೀಲದಿಂದ ಎರಡು ಪ್ಯಾಕೆಟ್ ತೆಗೆದರು. ಎರಡರ ಮುಂಬದಿಯಲ್ಲೂ ಹಸಿರು ಎಲೆಯ ಚಿತ್ರ. ಒಂದರ ಹಿಂಬದಿಯಲ್ಲಿ Lawsonia Inermis ಅಂತ ಒಂದೇ ಹೆಸರು, ಅದು ಮದರಂಗಿ ಗಿಡದ ಹೆಸರು. ಇನ್ನೊಂದರಲ್ಲಿ ಅದೇ ಹೆಸರಿನ ಕೆಳಗೆ, ಮೂರನೆಯದಾಗಿ, p-Phenylenediamine. 'ಅರ್ಧ ಗಂಟೆಯಲ್ಲಿ ಕಪ್ಪು' ಅಂತ ಬರೆದಿದ್ದು ಈ ಎರಡನೆಯದರ ಮೇಲೆ. ಬರೀ ಮದರಂಗಿ ಕೂದಲನ್ನು ಕೆಂಪು ಮಾಡುತ್ತದೆ, ಕಪ್ಪು ಮಾಡುವುದಿಲ್ಲ. ಎರಡನೆಯದನ್ನು ಪಕ್ಕಕ್ಕೆ ಸರಿಸಿದೆ. ಮೊದಲನೆಯದನ್ನು ಅವರ ಕೈಗಿಟ್ಟು, 'ಅಕ್ಕಾರ, ಇದರ ಪಟ್ಟಿಯೊಳಗ ಆ ಹೆಸರು ಇಲ್ಲ. ನಾ ಹೇಳಾಕ ಬರೋದು ಇಷ್ಟೇ. ಹಚ್ಚೋದು ಬಿಡೋದು ಡಾಕ್ಟರಿಗೆ ತೋರ್ಸಿ ಕೇಳ್ರಿ' ಅಂದೆ.

ಇಂತಿ ನಿಮ್ಮ ಓದುಗ,
ಔಷಧ ಅಂಗಡಿಯವ, ಕಲಬುರಗಿ